ಯಂತ್ರ ಹೇಳುವುದು 0.633, ನೀರಿನಲ್ಲಿರುವ ಫ್ಲೋರೈಡ್ ಎಷ್ಟು?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಪರೀಕ್ಷಾ ವರದಿಯಲ್ಲಿ ಜನ ಮೊದಲು ಹುಡುಕುವುದು ಫ್ಲೋರೈಡ್ ಸಾಲನ್ನು. ಅಲ್ಲಿ 1.9 ಎಂದಿದ್ದರೆ ಆ ಬಾವಿಯ ನೀರು ಕುಡಿಯಲು ಬೇಡ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಏಳುತ್ತದೆ, ಪ್ರಮಾಣ ಇನ್ನೂ ಏರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಹೀಗಾಗಿ 1.4 ಮತ್ತು 1.6ರ ನಡುವಿನ ವ್ಯತ್ಯಾಸ ಒಂದು ಊರಿಗೆ ಸಣ್ಣದಲ್ಲ. ಬಾವಿಗೆ ಕೆಂಪು ಬಣ್ಣ ಬಳಿಯಬೇಕೇ, ಶುದ್ಧೀಕರಣ ಘಟಕ ಹಾಕಬೇಕೇ ಎಂಬುದೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಆದರೆ ಪ್ರಯೋಗಾಲಯದ ಯಾವ ಯಂತ್ರಕ್ಕೂ ಫ್ಲೋರೈಡ್ ಎಂದರೇನೆಂದು ಗೊತ್ತಿಲ್ಲ. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಪೆಟ್ಟಿಗೆಗೆ ತಿಳಿಯುವುದು ಒಂದೇ ವಿಷಯ: ಈ ಗಾಜಿನ ಕುಪ್ಪಿಯ ಮೂಲಕ ಬಿಟ್ಟ ಬೆಳಕಿನಲ್ಲಿ ಎಷ್ಟು ನುಂಗಿಹೋಯಿತು ಎಂಬುದು. ಅದರ ಪರದೆಯ ಮೇಲೆ 0.633 ಎಂಬಂಥ ಅಂಕಿ ಬರುತ್ತದೆ. ಅದಕ್ಕೆ ಮಿಲಿಗ್ರಾಂ ಇಲ್ಲ, ಲೀಟರ್ ಇಲ್ಲ, ಯಾವ ಮಾನವೂ ಇಲ್ಲ. ಲ್ಯಾಬಿನವರು ಇದನ್ನು ಅಬ್ಸಾರ್ಬೆನ್ಸ್ ಎನ್ನುತ್ತಾರೆ. ನಾವು ಹೀರಿಕೆ ಎನ್ನೋಣ. ಈ 0.633 ಹೇಗೆ 1.9 ಮಿಲಿಗ್ರಾಂ ಆಗುತ್ತದೆ? ನಡುವೆ ಒಂದು ಗೆರೆ ಇದೆ, ಅದರ ಹೆಸರು ಕ್ಯಾಲಿಬ್ರೇಶನ್ ಕರ್ವ್. ವರದಿ ಪಡೆದವರು ಅದನ್ನು ನೋಡಿರುವುದಿಲ್ಲ. ಬರೆದವರೂ ಕೆಲವೊಮ್ಮೆ ಸರಿಯಾಗಿ ನೋಡಿರುವುದಿಲ್ಲ.

ಮೊದಲು ಬಣ್ಣದ ವಿಷಯ. ಫ್ಲೋರೈಡಿಗೆ ಸ್ವಂತ ಬಣ್ಣವಿಲ್ಲ, ಆದ್ದರಿಂದ ಬಣ್ಣವಿರುವ ಬೇರೆಯದರ ಸಹಾಯ ಬೇಕು. ನಮ್ಮ ನೀರಿನ ಲ್ಯಾಬುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಸ್ಪ್ಯಾಡ್ನ್ಸ್ ಎಂಬ ಬಣ್ಣ. ಆಮ್ಲದಲ್ಲಿ ಇದು ಝಿರ್ಕೋನಿಯಂ ಲೋಹದ ಜೊತೆ ಕೂಡಿ ಕಡುಗೆಂಪಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಝಿರ್ಕೋನಿಯಂ ಅನ್ನು ಬಣ್ಣದ ಕೈಯಿಂದ ಕಿತ್ತುಕೊಂಡು ತನ್ನ ಜೊತೆ ಸೇರಿಸಿಕೊಳ್ಳುತ್ತದೆ. ಕೆಂಪು ಮಾಸುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಮಾಸುವಿಕೆ ಹೆಚ್ಚು, 570 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಹೀರಿಕೆ ಅಷ್ಟೇ ಕಡಿಮೆ. ಹೆಚ್ಚಿನ ಪರೀಕ್ಷೆಗಳಲ್ಲಿ ವಸ್ತು ಹೆಚ್ಚಿದಂತೆ ಓದು ಏರುತ್ತದೆ, ಇಲ್ಲಿ ಉಲ್ಟಾ. ಈ ಉಲ್ಟಾತನ ಮುಂದೆ ನಮಗೆ ಒಂದು ತೊಂದರೆ ಕೊಡಲಿದೆ.

ಎಷ್ಟು ಫ್ಲೋರೈಡಿಗೆ ಎಷ್ಟು ಮಾಸುತ್ತದೆ? ಯಾವ ಪುಸ್ತಕದಲ್ಲೂ ಇದಕ್ಕೆ ಸಿದ್ಧ ಉತ್ತರ ಇಲ್ಲ. ಆ ದಿನದ ಬಣ್ಣದ ದ್ರಾವಣ, ಆ ಯಂತ್ರದ ದೀಪ, ಆ ಕೋಣೆಯ ಬಿಸಿ, ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ. ಹಾಗಾಗಿ ಗೊತ್ತಿರುವ ನೀರನ್ನು ನಾವೇ ತಯಾರಿಸಿ ಯಂತ್ರಕ್ಕೆ ತೋರಿಸಬೇಕು. ಈ ಗೊತ್ತಿರುವ ನೀರುಗಳಿಗೆ ಸ್ಟ್ಯಾಂಡರ್ಡ್ ಎಂದು ಹೆಸರು.

ಒಣಗಿಸಿದ ಸೋಡಿಯಂ ಫ್ಲೋರೈಡ್ ಪುಡಿಯನ್ನು 221 ಮಿಲಿಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಸರಿಯಾಗಿ ಒಂದು ಲೀಟರ್ ಮಾಡುತ್ತಾರೆ. 221 ಯಾಕೆಂದರೆ, ಆ ಪುಡಿಯಲ್ಲಿ ಸೋಡಿಯಂ ಪಾಲು ಕಳೆದರೆ ಫ್ಲೋರೈಡ್ ಉಳಿಯುವುದು ಸರಿಯಾಗಿ 100 ಮಿಲಿಗ್ರಾಂ. ಇದು ಮೂಲ ದ್ರಾವಣ. ಫ್ಲೋರೈಡ್ ದ್ರಾವಣವನ್ನು ಗಾಜಿನಲ್ಲಿ ಇಡುವುದಿಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಾರೆ. ಇದರಿಂದ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ಹತ್ತುಪಟ್ಟು ತೆಳುವಾದ ಕೆಲಸದ ದ್ರಾವಣ ಸಿಗುತ್ತದೆ. ಅದರ ಪ್ರತಿ ಮಿಲಿಲೀಟರಿನಲ್ಲಿ 10 ಮೈಕ್ರೋಗ್ರಾಂ ಫ್ಲೋರೈಡ್. ಈಗ 50 ಮಿಲಿಲೀಟರಿನ ಐದು ಫ್ಲಾಸ್ಕುಗಳಿಗೆ ಪಿಪೆಟ್ಟಿನಲ್ಲಿ 0, 1.5, 3, 4.5, 6 ಮಿಲಿಲೀಟರ್ ಹಾಕಿ, ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿದರೆ ಲೀಟರಿಗೆ 0, 0.3, 0.6, 0.9, 1.2 ಮಿಲಿಗ್ರಾಂನ ಐದು ಸ್ಟ್ಯಾಂಡರ್ಡ್ ಸಿದ್ಧ. ಪ್ರತಿಯೊಂದಕ್ಕೂ 10 ಮಿಲಿಲೀಟರ್ ಕೆಂಪು ದ್ರಾವಣ ಬೆರೆಸಿ, ಝಿರ್ಕೋನಿಯಂ ಇಲ್ಲದ ಬಣ್ಣದ ದ್ರಾವಣದಿಂದ ಯಂತ್ರವನ್ನು ಸೊನ್ನೆಗೆ ತಂದು, ಒಂದೊಂದಾಗಿ ಓದುತ್ತಾರೆ. ಬಾವಿ ನೀರಿಗೂ ಇದೇ ಉಪಚಾರ, ಒಂದು ಹೆಜ್ಜೆಯೂ ಆಚೀಚೆ ಇಲ್ಲ.

ಉದಾಹರಣೆಗೆ ಒಂದು ದಿನದ ಓದು ಹೀಗಿದೆ ಎಂದುಕೊಳ್ಳೋಣ: ಸೊನ್ನೆಯ ಸ್ಟ್ಯಾಂಡರ್ಡಿಗೆ 0.843, ನಂತರ ಕ್ರಮವಾಗಿ 0.774, 0.712, 0.642, ಕೊನೆಯದಕ್ಕೆ 0.579. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಫ್ಲೋರೈಡ್, ಉದ್ದಕ್ಕೆ ಹೀರಿಕೆ ಇಟ್ಟು ಐದು ಚುಕ್ಕಿ ಹಾಕಿದರೆ ಎಡದಿಂದ ಬಲಕ್ಕೆ ಇಳಿಯುವ ಸಾಲು ಕಾಣುತ್ತದೆ. ಸಾಲು ನೇರವಾಗಿದೆ, ಆದರೆ ಪೂರ್ತಿ ನೇರವಲ್ಲ. ಸ್ಕೇಲ್ ಇಟ್ಟರೆ ಒಂದು ಚುಕ್ಕಿ ಕೂದಲೆಳೆ ಮೇಲೆ, ಇನ್ನೊಂದು ಕೆಳಗೆ. ಹಿಂದೆಲ್ಲ ಲ್ಯಾಬಿನಲ್ಲಿ ಕಣ್ಣಂದಾಜಿನಲ್ಲಿ ಗೆರೆ ಎಳೆಯುತ್ತಿದ್ದರು. ಇಬ್ಬರು ಎಳೆದರೆ ಎರಡು ಗೆರೆ, ಎರಡು ಉತ್ತರ.

ಯಾರು ಎಳೆದರೂ ಒಂದೇ ಗೆರೆ ಬರುವಂತೆ ಮಾಡುವ ಲೆಕ್ಕವೇ ಲೀನಿಯರ್ ರಿಗ್ರೆಶನ್. ಇದರ ಹಿಂದಿರುವ ಕನಿಷ್ಠ ವರ್ಗಗಳ ವಿಧಾನವನ್ನು ಫ್ರಾನ್ಸಿನ ಲಜಾಂಡ್ರ್ 1805ರಲ್ಲಿ ಪ್ರಕಟಿಸಿದ. ಜರ್ಮನಿಯ ಗೌಸ್ 1809ರಲ್ಲಿ ಬರೆದು, ನಾನು ಇದನ್ನು ಮೊದಲಿನಿಂದಲೂ ಬಳಸುತ್ತಿದ್ದೆ ಎಂದ. ಇಬ್ಬರಿಗೂ ಬೇಕಾಗಿದ್ದದ್ದು ಆಕಾಶಕಾಯಗಳ ದಾರಿ, ಬಾವಿಯ ನೀರಲ್ಲ. ನಿಯಮ ಸರಳ: ಗೆರೆಯಿಂದ ಪ್ರತಿ ಚುಕ್ಕಿಗೆ ಎಷ್ಟು ಮೇಲೆ ಅಥವಾ ಕೆಳಗೆ ಅಂತರವಿದೆ ಎಂದು ಅಳೆಯಿರಿ, ಪ್ರತಿ ಅಂತರವನ್ನೂ ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ. ಯಾವ ಗೆರೆಗೆ ಈ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದೇ ಸರಿಯಾದ ಗೆರೆ.

ಕೈಯಲ್ಲೇ ಮಾಡಿ ನೋಡಬಹುದು. ಐದು ಫ್ಲೋರೈಡ್ ಪ್ರಮಾಣಗಳ ಸರಾಸರಿ 0.6, ಐದು ಓದುಗಳ ಸರಾಸರಿ 0.710. ಪ್ರತಿ ಸ್ಟ್ಯಾಂಡರ್ಡ್ ಈ ಸರಾಸರಿಗಳಿಂದ ಎಷ್ಟು ದೂರ ಎಂದು ಎರಡೂ ಕಡೆ ಕಳೆದು, ಎರಡನ್ನೂ ಗುಣಿಸಿ, ಐದನ್ನೂ ಕೂಡಿಸಿದರೆ ಮೈನಸ್ 0.198. ಫ್ಲೋರೈಡ್ ಕಡೆಯ ದೂರಗಳ ವರ್ಗಗಳನ್ನು ಮಾತ್ರ ಕೂಡಿಸಿದರೆ 0.90. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೈನಸ್ 0.220. ಇದು ಗೆರೆಯ ಇಳಿಜಾರು. ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಹೆಚ್ಚಿದರೆ ಹೀರಿಕೆ 0.220 ಇಳಿಯುತ್ತದೆ. ಗೆರೆ ಯಾವಾಗಲೂ ಸರಾಸರಿಗಳ ಚುಕ್ಕಿಯ ಮೂಲಕವೇ ಹಾದುಹೋಗುವುದರಿಂದ, ಫ್ಲೋರೈಡ್ ಸೊನ್ನೆ ಇರುವಲ್ಲಿ ಅದು 0.842ರಲ್ಲಿ ಶುರುವಾಗುತ್ತದೆ. ಇಷ್ಟೇ ಸೂತ್ರ:

A = 0.842 − 0.220 × C

ಇಲ್ಲಿ A ಎಂದರೆ ಹೀರಿಕೆ, C ಎಂದರೆ ಫ್ಲೋರೈಡ್. ಬಾವಿ ನೀರಿಗೆ ಇದನ್ನು ತಿರುಗಿಸಿ ಬಳಸುತ್ತಾರೆ: 0.842ರಿಂದ ಓದನ್ನು ಕಳೆದು 0.220ರಿಂದ ಭಾಗಿಸಿದರೆ ಪ್ರಮಾಣ. 0.633 ಓದು ಬಂದರೆ 0.209 ಭಾಗಿಸು 0.220, ಅಂದರೆ 0.95. ವರದಿಯಲ್ಲಿ 1.9 ಇತ್ತಲ್ಲ ಎಂದು ಕೇಳುವವರಿಗೆ ಉತ್ತರ ಸ್ವಲ್ಪ ಮುಂದಿದೆ.

ಇಂದು ಇದನ್ನು ಯಾರೂ ಕೈಯಲ್ಲಿ ಮಾಡುವುದಿಲ್ಲ. ಎಕ್ಸೆಲ್ಲಿನಲ್ಲಿ A ಕಾಲಮ್ಮಿನಲ್ಲಿ ಪ್ರಮಾಣ, B ಕಾಲಮ್ಮಿನಲ್ಲಿ ಓದು, E2ರಲ್ಲಿ ಬಾವಿ ನೀರಿನ ಓದು ಇದ್ದರೆ ಮೂರು ಸಾಲು ಸಾಕು:

```
D2: =SLOPE(B2:B6,A2:A6)
D3: =INTERCEPT(B2:B6,A2:A6)
D4: =(E2-D3)/D2
```

ಒಂದು ಎಚ್ಚರಿಕೆ. ಈ ಸೂತ್ರದಲ್ಲಿ ಓದು ಮೊದಲು, ಪ್ರಮಾಣ ಆಮೇಲೆ. ತಿರುಗುಮುರುಗಾದರೆ ಎಕ್ಸೆಲ್ ಏನೂ ತಕರಾರು ಮಾಡುವುದಿಲ್ಲ, ಮೈನಸ್ 0.220ರ ಬದಲು ಮೈನಸ್ 4.54 ಕೊಟ್ಟು ಸುಮ್ಮನಿರುತ್ತದೆ. ಪ್ರಮಾಣವನ್ನೇ ಅಡ್ಡಕ್ಕೆ ಇಡುವುದಕ್ಕೆ ಕಾರಣವೂ ಇದೆ. ಅಂತರಗಳನ್ನು ಮೇಲೆ ಕೆಳಗೆ ಮಾತ್ರ ಅಳೆಯುವುದೆಂದರೆ, ತಪ್ಪೆಲ್ಲ ಓದಿನಲ್ಲಿದೆ, ಸ್ಟ್ಯಾಂಡರ್ಡುಗಳ ಪ್ರಮಾಣ ಪಕ್ಕಾ ಎಂದು ಒಪ್ಪಿಕೊಂಡಂತೆ. ಈ ಒಪ್ಪಿಗೆ ಎಷ್ಟು ದುಬಾರಿ ಎಂದು ಮುಂದೆ ನೋಡೋಣ.

ಈಗ 1.9ರ ಕಥೆ. ಆ ಬಾವಿಯ ನೀರನ್ನು ಮೊದಲು ಹಾಗೇ ಓದಿದಾಗ ಬಂದದ್ದು 0.463. ಸೂತ್ರಕ್ಕೆ ಹಾಕಿದರೆ 1.72. ಆದರೆ ನಮ್ಮ ಕೊನೆಯ ಸ್ಟ್ಯಾಂಡರ್ಡ್ 1.2. ಅದರಾಚೆ ಗೆರೆ ಹೇಗೆ ಹೋಗುತ್ತದೆಂದು ನಾವು ಯಂತ್ರಕ್ಕೆ ತೋರಿಸಿಯೇ ಇಲ್ಲ. ಪೆನ್ಸಿಲ್ಲಿನಿಂದ ಉದ್ದ ಎಳೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಆದರೆ ರಸಾಯನಕ್ಕೆ ಅಡ್ಡಿ ಇದೆ. ಕುಪ್ಪಿಯಲ್ಲಿರುವ ಝಿರ್ಕೋನಿಯಂ ಇಷ್ಟೇ ಎಂದು ನಿಗದಿಯಾಗಿದೆ. ಫ್ಲೋರೈಡ್ ಅದನ್ನು ಕಿತ್ತುಕೊಳ್ಳುತ್ತ ಹೋದಂತೆ ಉಳಿದದ್ದು ಕಡಿಮೆಯಾಗಿ, ಮುಂದಿನ ಫ್ಲೋರೈಡಿಗೆ ಕೀಳಲು ಸಿಗುವುದೂ ಕಡಿಮೆ. ಮಾಸುವ ವೇಗ ತಗ್ಗುತ್ತದೆ, ಗೆರೆ ಬಾಗುತ್ತದೆ. ಈ ವಿಧಾನ 1.4 ಮಿಲಿಗ್ರಾಂವರೆಗೆ ಮಾತ್ರ ನಂಬಿಕಸ್ಥ ಎಂದು ಕೈಪಿಡಿಗಳೇ ಹೇಳುತ್ತವೆ. ಅದಕ್ಕಾಗಿ ತಿಳಿದ ಲ್ಯಾಬಿನವರು ಬಾವಿಯ ನೀರು 25 ಮಿಲಿಲೀಟರಿಗೆ ಡಿಸ್ಟಿಲ್ಡ್ ವಾಟರ್ 25 ಮಿಲಿಲೀಟರ್ ಸೇರಿಸಿ ಮತ್ತೆ ಓದುತ್ತಾರೆ. ಈ ಬಾರಿ 0.633, ಅಂದರೆ 0.95. ನೀರು ಅರ್ಧ ತೆಳುವಾಗಿದೆ, ಆದ್ದರಿಂದ ಎರಡರಿಂದ ಗುಣಿಸಿದರೆ 1.90. ನಿಜವಾದ ಉತ್ತರ ಇದು. ಹಾಗೇ ಓದಿದ್ದು ಹೆಚ್ಚೂಕಡಿಮೆ ಹತ್ತನೇ ಒಂದು ಭಾಗ ಕಡಿಮೆ ತೋರಿಸಿತ್ತು, ಅದೂ ಅಪಾಯವಿರುವ ದಿಕ್ಕಿಗೆ.

ಹಾಗಾದರೆ ಸ್ಟ್ಯಾಂಡರ್ಡುಗಳನ್ನೇ 2.0ವರೆಗೆ ಮಾಡಿದರೆ ದುರ್ಬಲಗೊಳಿಸುವ ಗೋಜೇ ಇಲ್ಲವಲ್ಲ? ಹೀಗೆ ಮಾಡುವವರಿದ್ದಾರೆ. 0, 0.5, 1.0, 1.5, 2.0ಕ್ಕೆ 0.842, 0.732, 0.622, 0.527, 0.447 ಓದು ಬಂತೆನ್ನೋಣ. ರಿಗ್ರೆಶನ್ ಮಾಡಿದರೆ ಎಕ್ಸೆಲ್ ಗ್ರಾಫಿನ ಮೂಲೆಯಲ್ಲಿ R² = 0.9957 ಎಂದು ಬರೆಯುತ್ತದೆ. ಬಹಳ ಜನ ಇದನ್ನು ನೋಡಿ, ಒಂದರ ಹತ್ತಿರ ಇದೆ, ಪಾಸ್ ಎನ್ನುತ್ತಾರೆ. ಆದರೆ ಪ್ರತಿ ಚುಕ್ಕಿ ಗೆರೆಯಿಂದ ಎತ್ತ ಕಡೆ ಇದೆ ಎಂದು ಬರೆದು ನೋಡಿ: ಮೊದಲನೆಯದು ಮೇಲೆ, ನಡುವಿನ ಮೂರೂ ಕೆಳಗೆ, ಕೊನೆಯದು ಮತ್ತೆ ಮೇಲೆ. ಆಕಸ್ಮಿಕ ತಪ್ಪುಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಇದು ಬಾಗಿದ ಸಾಲಿಗೆ ನೇರ ಗೆರೆ ಕಟ್ಟಿದ ಗುರುತು. ಫಲವೂ ತಕ್ಕಂತೆ ಇದೆ. ಈ ಗೆರೆಯ ಪ್ರಕಾರ ನಿಜವಾಗಿ 1.00 ಇರುವ ನೀರು 1.06 ಎಂದು ಮಿತಿ ದಾಟುತ್ತದೆ, ಫ್ಲೋರೈಡೇ ಇಲ್ಲದ ಡಿಸ್ಟಿಲ್ಡ್ ವಾಟರಿನಲ್ಲಿ ಮೈನಸ್ 0.05 ಮಿಲಿಗ್ರಾಂ ಫ್ಲೋರೈಡ್ ಇದೆ ಎನ್ನುತ್ತದೆ!

ನಮ್ಮ ಮೊದಲ ಗೆರೆಯಲ್ಲಿ ಇದೇ ಉಳಿಕೆಗಳು 0.001 ಮೇಲೆ, 0.002 ಕೆಳಗೆ, 0.002 ಮೇಲೆ, 0.002 ಕೆಳಗೆ, 0.001 ಮೇಲೆ. ದಿಕ್ಕು ಬದಲಾಗುತ್ತಲೇ ಇದೆ, ಗಾತ್ರವೂ ಯಂತ್ರದ ಕೊನೆಯ ಅಂಕಿಯ ಅಲುಗಾಟದಷ್ಟೇ. ಅದರ R² 0.9997. ನನ್ನ ಅಭಿಪ್ರಾಯದಲ್ಲಿ R² ನೋಡುವುದನ್ನೇ ಬಿಟ್ಟು ಉಳಿಕೆಗಳ ಪಟ್ಟಿ ನೋಡುವ ಅಭ್ಯಾಸ ಬಂದರೆ ಲ್ಯಾಬುಗಳ ಅರ್ಧ ತಪ್ಪು ಮೇಜಿನ ಮೇಲೇ ಸಿಕ್ಕಿಬೀಳುತ್ತದೆ.

ಉಳಿದರ್ಧ ಉಳಿಕೆಗಳಲ್ಲೂ ಕಾಣುವುದಿಲ್ಲ. ಸೋಡಿಯಂ ಫ್ಲೋರೈಡ್ ತೂಗುವಾಗ 221ರ ಬದಲು ಹತ್ತು ಶೇಕಡಾ ಕಡಿಮೆ ಬಿತ್ತು ಎನ್ನಿ, ಅಥವಾ ಒಣಗಿಸದ ಪುಡಿಯಲ್ಲಿ ತೇವವಿತ್ತು ಎನ್ನಿ. ಐದೂ ಸ್ಟ್ಯಾಂಡರ್ಡುಗಳು ಅದೇ ಮೂಲದಿಂದ ಬಂದವು, ಐದೂ ಒಂದೇ ಅಳತೆಯಲ್ಲಿ ತಪ್ಪು. ಚುಕ್ಕಿಗಳು ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂರುತ್ತವೆ, ಆದರೆ ಬರುವ ಪ್ರತಿ ಉತ್ತರವೂ ಹತ್ತನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ದರ್ಜಿಯ ಟೇಪೇ ತುಂಡಾಗಿದ್ದರೆ ಅವನು ಹೊಲಿದ ಅಂಗಿಗಳೆಲ್ಲ ಪರಸ್ಪರ ಸರಿಹೊಂದುತ್ತವೆ, ತೊಡುವವರಿಗೆ ಮಾತ್ರ ಹಿಡಿಸುವುದಿಲ್ಲ. ಪ್ರಮಾಣ ಪಕ್ಕಾ ಎಂದು ಒಪ್ಪಿಕೊಂಡದ್ದರ ಬೆಲೆ ಇದು. ರಿಗ್ರೆಶನ್ನಿಗೆ ಇದನ್ನು ಹಿಡಿಯುವ ದಾರಿಯಿಲ್ಲ. ಇರುವ ಉಪಾಯ ಒಂದೇ: ಬೇರೆ ಕಂಪನಿಯಿಂದ, ಪ್ರಮಾಣಪತ್ರದ ಜೊತೆ ಕೊಂಡ ಫ್ಲೋರೈಡ್ ದ್ರಾವಣದಿಂದ 0.8 ಮಿಲಿಗ್ರಾಂನ ಒಂದು ಪರೀಕ್ಷಾ ಕುಪ್ಪಿ ಮಾಡಿ, ಅಪರಿಚಿತ ನೀರಿನಂತೆಯೇ ಓದುವುದು. 0.78 ಬಂದರೆ ಮುಂದುವರಿಯಬಹುದು. 0.89 ಬಂದರೆ ಅಂದಿನ ಕೆಲಸ ನಿಲ್ಲಿಸಿ ಮೂಲ ದ್ರಾವಣ ಚೆಲ್ಲಬೇಕು.

ಉಲ್ಟಾತನದ ತೊಂದರೆ ಎಂದೆನಲ್ಲ, ಅದು ಇಲ್ಲಿದೆ. ಓದು ಸೊನ್ನೆಯಿಂದ ಏರುವ ಪರೀಕ್ಷೆಗಳಲ್ಲಿ ಬಣ್ಣದ ದ್ರಾವಣ ಒಂದಿಷ್ಟು ಆಚೀಚೆಯಾದರೂ ಅಷ್ಟು ಬಾಧಿಸುವುದಿಲ್ಲ. ಇಲ್ಲಿ ಫ್ಲೋರೈಡ್ ಇಲ್ಲದಾಗಲೂ ಓದು 0.842, ಅಂದರೆ ನಾವು ಅಳೆಯುವುದು ಒಂದು ದೊಡ್ಡ ಕೆಂಪಿನಲ್ಲಿ ಆಗುವ ಸಣ್ಣ ಇಳಿಕೆಯನ್ನು. ಆ ಕೆಂಪು ಬರುವುದು ಪಿಪೆಟ್ಟಿನಿಂದ ಹಾಕಿದ 10 ಮಿಲಿಲೀಟರಿನಿಂದ. ಅದು 9.9 ಆದರೆ, ಎರಡು ಹನಿ ಕಡಿಮೆಯಾದರೆ, ಓದು ಸುಮಾರು 0.006ರಷ್ಟಾದರೂ ಇಳಿಯುತ್ತದೆ. ಯಂತ್ರದ ಲೆಕ್ಕದಲ್ಲಿ ಅದು 0.03 ಮಿಲಿಗ್ರಾಂ ಫ್ಲೋರೈಡ್. ನೀರನ್ನು ಅರ್ಧಕ್ಕೆ ತೆಳು ಮಾಡಿದ್ದರೆ ಎರಡರಿಂದ ಗುಣಿಸಿದಾಗ ಅದು 0.06. ಅಳತೆ ಜಾರಿನಲ್ಲಿ ಅಂದಾಜಿಗೆ ಸುರಿಯುವ ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ಪ್ರತಿ ಕುಪ್ಪಿಯಲ್ಲೂ ಆಗುತ್ತಿರುತ್ತದೆ. ಇದನ್ನು ಹಿಡಿಯುವ ಉಪಾಯ, ಒಂದೇ ನೀರನ್ನು ಮೂರು ಕುಪ್ಪಿಗಳಲ್ಲಿ ಬೇರೆ ಬೇರೆ ತಯಾರಿಸಿ ಓದುವುದು. ಒಂದೇ ಕುಪ್ಪಿಯನ್ನು ಮೂರು ಸಲ ಓದಿದರೆ ಯಂತ್ರದ ಸ್ಥಿರತೆ ಗೊತ್ತಾಗುತ್ತದೆಯೇ ಹೊರತು ಕೈಯ ಸ್ಥಿರತೆ ಅಲ್ಲ.

ಬಿಸಿಯೂ ಆಟವಾಡುತ್ತದೆ. ಸ್ಟ್ಯಾಂಡರ್ಡುಗಳು ಫ್ರಿಜ್ಜಿನಿಂದ ಬಂದು, ಬಾವಿ ನೀರಿನ ಬಾಟಲಿ ಮಧ್ಯಾಹ್ನದ ಜೀಪಿನಿಂದ ಇಳಿದು ನೇರ ಮೇಜಿಗೆ ಬಂದರೆ ಎರಡರ ಬಣ್ಣವೂ ಬೇರೆ ಬೇರೆ ರೀತಿ ನಿಲ್ಲುತ್ತದೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಸಮಬಿಸಿಗೆ ಬರುವವರೆಗೆ ಇಟ್ಟು ಆಮೇಲೆ ಓದಬೇಕು. ಕೆಂಪು ದ್ರಾವಣದ ಹೊಸ ಬಾಟಲಿ ತೆರೆದರೆ ಹೊಸ ಗೆರೆ. ಕಳೆದ ತಿಂಗಳ ಗೆರೆಯನ್ನು ಕಡತದಲ್ಲಿ ಇಡಬಹುದು, ಇವತ್ತಿನ ನೀರಿಗೆ ಬಳಸುವಂತಿಲ್ಲ.

ಇನ್ನೊಂದು ತೊಡಕು ಗೆರೆಯಲ್ಲಿ ಇಲ್ಲ, ನೀರಿನಲ್ಲೇ ಇದೆ. ನಮ್ಮ ಸ್ಟ್ಯಾಂಡರ್ಡುಗಳಲ್ಲಿ ಇರುವುದು ಡಿಸ್ಟಿಲ್ಡ್ ವಾಟರ್ ಮತ್ತು ಫ್ಲೋರೈಡ್ ಮಾತ್ರ. ಬಾವಿ ನೀರಿನಲ್ಲಿ ಇನ್ನೂ ಹತ್ತಾರು ಲವಣಗಳಿವೆ. ಅವುಗಳಲ್ಲಿ ಈ ಪರೀಕ್ಷೆಗೆ ಬಹಳ ಕೆಟ್ಟದ್ದು ಅಲ್ಯೂಮಿನಿಯಂ. ಅದೂ ಫ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿತದಲ್ಲಿರುವ ಫ್ಲೋರೈಡ್ ಝಿರ್ಕೋನಿಯಂ ಕೀಳಲು ಬರುವುದಿಲ್ಲ, ಬಣ್ಣ ಮಾಸುವುದಿಲ್ಲ, ಯಂತ್ರ ಕಡಿಮೆ ತೋರಿಸುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ಅಲ್ಯೂಮಿನಿಯಂ ಇದ್ದರೂ ತಕ್ಷಣದ ಓದಿನಲ್ಲಿ ವ್ಯತ್ಯಾಸ ಕಾಣಬಹುದು. ಕರ್ನಾಟಕದ ಮಟ್ಟಿಗೆ ಇದು ಪುಸ್ತಕದ ಬದನೆಕಾಯಿ ಅಲ್ಲ. ಫ್ಲೋರೈಡ್ ತೆಗೆಯಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ನೀರಿಗೆ ಹಾಕುವುದೇ ಪಟಿಕ ಮತ್ತು ಸುಣ್ಣ, ಪಟಿಕ ಎಂದರೆ ಅಲ್ಯೂಮಿನಿಯಂ ಲವಣ. ಸರಿಯಾಗಿ ತಿಳಿಯಾಗದೆ ಒಂದಿಷ್ಟು ನೀರಿನಲ್ಲಿ ಉಳಿದರೆ, ಶುದ್ಧೀಕರಿಸಿದ ನೀರು ನಿಜಕ್ಕಿಂತ ಶುದ್ಧವಾಗಿ ಕಾಣುತ್ತದೆ.

ಇದನ್ನು ಕಂಡುಹಿಡಿಯುವ ದಾರಿ ಚೆನ್ನಾಗಿದೆ. ಸಂಸ್ಕರಿಸಿದ ನೀರು 0.60 ಓದಿತು ಎನ್ನಿ. ಅದೇ ನೀರಿನ ಇನ್ನೊಂದು ಪಾಲಿಗೆ ಲೀಟರಿಗೆ 0.40 ಮಿಲಿಗ್ರಾಂ ಆಗುವಷ್ಟು ಗೊತ್ತಿರುವ ಫ್ಲೋರೈಡ್ ಸೇರಿಸಿ ಓದಿ. 1.00 ಬರಬೇಕು. 0.88 ಬಂತೆಂದರೆ, ಸೇರಿಸಿದ 0.40ರಲ್ಲಿ ಕಂಡದ್ದು 0.28 ಮಾತ್ರ, ನೂರಕ್ಕೆ 70. ನಾವೇ ಹಾಕಿದ್ದನ್ನು ನುಂಗಿದ ನೀರು ಮೊದಲಿನಿಂದ ಇದ್ದದ್ದನ್ನೂ ನುಂಗಿರುತ್ತದೆ. ಆಗ 0.60 ಎಂಬುದನ್ನು ವರದಿಯಲ್ಲಿ ಬರೆಯಬಾರದು. ಅಲ್ಯೂಮಿನಿಯಂ ಅಡ್ಡಿಯ ಇನ್ನೊಂದು ಗುಣ, ಹೊತ್ತು ಕಳೆದಂತೆ ಅದು ಸಡಿಲವಾಗುತ್ತದೆ. ಬಣ್ಣ ಬೆರೆಸಿದ ಎರಡು ಗಂಟೆಯ ನಂತರ ಅದೇ ಕುಪ್ಪಿಯ ಫ್ಲೋರೈಡ್ ಏರಿದಂತೆ ತೋರಿದರೆ ಕಳ್ಳ ಸಿಕ್ಕಂತೆಯೇ. ಖಚಿತ ಉತ್ತರಕ್ಕೆ ನೀರನ್ನು ಆಮ್ಲದ ಜೊತೆ ಬಟ್ಟಿ ಇಳಿಸಿ ಫ್ಲೋರೈಡನ್ನು ಬೇರ್ಪಡಿಸಿ ಓದಬೇಕು, ಇಲ್ಲವೇ ಫ್ಲೋರೈಡ್ ಎಲೆಕ್ಟ್ರೋಡ್ ಬಳಸಬೇಕು. ಎಲೆಕ್ಟ್ರೋಡಿನ ಜೊತೆ ಹಾಕುವ ದ್ರಾವಣ ಅಲ್ಯೂಮಿನಿಯಂನ ಹಿಡಿತ ಬಿಡಿಸುತ್ತದೆ. ಅಲ್ಲೂ ಕ್ಯಾಲಿಬ್ರೇಶನ್ ಗೆರೆಯೇ, ಆದರೆ ಪ್ರಮಾಣದ ಬದಲು ಪ್ರಮಾಣದ ಲಾಗರಿದಮ್ ಇಟ್ಟಾಗ ಮಾತ್ರ ನೇರ.

ಎಲ್ಲ ಸರಿಯಾಗಿದ್ದರೂ ಗೆರೆಯ ಉತ್ತರಕ್ಕೆ ಒಂದು ಅಗಲ ಇರುತ್ತದೆ. ನಮ್ಮ ಮೊದಲ ಗೆರೆಯಲ್ಲಿ ಚುಕ್ಕಿಗಳ ಚೆದುರಾಟವನ್ನು ಲೆಕ್ಕ ಹಾಕಿದರೆ ಹೀರಿಕೆಯಲ್ಲಿ ಸುಮಾರು 0.002, ಇಳಿಜಾರಿನಿಂದ ಭಾಗಿಸಿದರೆ ಸುಮಾರು 0.01 ಮಿಲಿಗ್ರಾಂ. ಇಷ್ಟು ಕಡಿಮೆಯೇ ಎಂದು ಸಮಾಧಾನಪಡುವ ಮೊದಲು ನೋಡಬೇಕಾದದ್ದು ಇದೆ. ಗೆರೆಯನ್ನು ಕಟ್ಟಿದ್ದು ಬರೀ ಐದು ಚುಕ್ಕಿಗಳಿಂದ, ಬಾವಿ ನೀರನ್ನು ಓದಿದ್ದು ಒಂದೇ ಸಲ. ಇವೆರಡನ್ನೂ ಸೇರಿಸಿ ನೂರಕ್ಕೆ 95ರ ಭರವಸೆಯ ಲೆಕ್ಕ ಮಾಡಿದರೆ 0.95ರ ಆಚೀಚೆ 0.036, ಎರಡರಿಂದ ಗುಣಿಸಿದ ಮೇಲೆ 1.90ರ ಆಚೀಚೆ 0.07. ಮೂರು ಕುಪ್ಪಿ ಮಾಡಿ ಸರಾಸರಿ ತೆಗೆದಿದ್ದರೆ 0.05ಕ್ಕೆ ಇಳಿಯುತ್ತಿತ್ತು. ಈ ಅಗಲ ಗೆರೆಯ ನಡುವಿನಲ್ಲಿ ಕಡಿಮೆ, ಎರಡೂ ತುದಿಗಳ ಕಡೆ ಹೆಚ್ಚು. ಆದ್ದರಿಂದ ಬಾವಿ ನೀರಿನ ಓದು ಸ್ಟ್ಯಾಂಡರ್ಡುಗಳ ನಡುಭಾಗದ ಹತ್ತಿರ ಬೀಳುವಂತೆ ತೆಳು ಮಾಡುವುದು ಜಾಣತನ. ಮೂಲ ದ್ರಾವಣದ ತೂಕ, ಪಿಪೆಟ್ಟಿನ ಕೈ, ನೀರು ತಂದ ಬಾಟಲಿ, ಇವುಗಳ ತಪ್ಪು ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನೂ ಮರೆಯಬಾರದು.

1.90 ಇರುವ ಬಾವಿಗೆ 0.07 ದೊಡ್ಡ ವಿಷಯವಲ್ಲ, ಹೇಗೆ ನೋಡಿದರೂ ಅದು ಮಿತಿ ಮೀರಿದೆ. ತೊಡಕು ಬರುವುದು 1.48 ಬಂದ ಬಾವಿಯಲ್ಲಿ. ವರದಿಯ ಪ್ರಕಾರ ಅದು 1.5ರ ಒಳಗೆ, ಆದರೆ ಅಗಲ ಸೇರಿಸಿದರೆ 1.41ರಿಂದ 1.55ರವರೆಗೆ ಎಲ್ಲಿಯೂ ಇರಬಹುದು. ಇಂಥ ಬಾವಿ ಪಾಸೂ ಅಲ್ಲ, ಫೇಲೂ ಅಲ್ಲ. ಬೇಸಿಗೆಯಲ್ಲಿ ಇನ್ನೊಮ್ಮೆ ನೀರು ತಂದು ಮೂರು ಕುಪ್ಪಿಯಲ್ಲಿ ಓದುವವರೆಗೆ ಅಲ್ಲಿನ ಮಕ್ಕಳಿಗೆ ಬೇರೆ ನೀರು ಕೊಡುವುದೇ ಸರಿ.

ನಿಮ್ಮ ಊರಿನ ನೀರಿನ ವರದಿ ಕೈಗೆ ಬಂದಾಗ ಫ್ಲೋರೈಡ್ ಸಾಲಿನ ಅಂಕಿಯನ್ನಷ್ಟೇ ನೋಡಿ ಮಡಚಿಡಬೇಡಿ. ಕೊನೆಯ ಸ್ಟ್ಯಾಂಡರ್ಡ್ ಎಷ್ಟರದು, ನಮ್ಮ ನೀರನ್ನು ತೆಳು ಮಾಡಿ ಓದಿದಿರಾ, ಬೇರೆ ಮೂಲದ ಪರೀಕ್ಷಾ ಕುಪ್ಪಿ ಆ ದಿನ ಎಷ್ಟು ತೋರಿಸಿತು ಎಂದು ಲ್ಯಾಬಿನವರನ್ನು ಕೇಳಿ. ಕೆಲಸ ಚೆನ್ನಾಗಿ ಮಾಡುವ ಲ್ಯಾಬಿನಲ್ಲಿ ಈ ಮೂರೂ ಉತ್ತರ ರಿಜಿಸ್ಟರಿನಲ್ಲಿ ಬರೆದಿಟ್ಟಿರುತ್ತದೆ, ತೋರಿಸಲು ಎರಡು ನಿಮಿಷ ಸಾಕು.